ಗ್ರಾಫಿನ ತಳದಲ್ಲೊಂದು ಕಾಮನಬಿಲ್ಲು

ಪಿಯುಸಿಯಲ್ಲಿ ವಿಜ್ಞಾನ ಓದಿದವರು ಈ ಪ್ರಯೋಗವನ್ನು ಮರೆತಿರಲಾರರು. ಡ್ರಾಯಿಂಗ್ ಬೋರ್ಡಿನ ಮೇಲೆ ಬಿಳಿ ಹಾಳೆ, ಹಾಳೆಯ ನಡುವೆ ಮುಕ್ಕೋನದ ಗಾಜಿನ ತುಂಡು, ಜೊತೆಗೆ ನಾಲ್ಕು ಗುಂಡುಪಿನ್ನು. ಗಾಜಿನ ಒಂದು ಮುಖದ ಮುಂದೆ ಎರಡು ಪಿನ್ನು ಚುಚ್ಚಬೇಕು. ಇನ್ನೊಂದು ಮುಖದ ಕಡೆ ಬಂದು, ಒಂದು ಕಣ್ಣು ಮುಚ್ಚಿ, ಗಾಜಿನೊಳಗೆ ಕಾಣುವ ಆ ಎರಡು ಪಿನ್ನುಗಳ ಬುಡಕ್ಕೆ ಸರಿಯಾಗಿ ಸಾಲುಗೂಡುವಂತೆ ಉಳಿದೆರಡನ್ನು ಚುಚ್ಚಬೇಕು. ಆಮೇಲೆ ಗಾಜನ್ನು ಎತ್ತಿಟ್ಟು ಗೆರೆ ಎಳೆದರೆ, ಬೆಳಕು ಬಂದ ದಾರಿಗೂ ಹೋದ ದಾರಿಗೂ ನಡುವೆ ಎಷ್ಟು ಡಿಗ್ರಿ ತಿರುವು ಎಂಬುದು ಕೋನಮಾಪಕದಲ್ಲಿ ಸಿಗುತ್ತದೆ. ಆ ತಿರುವಿಗೆ ವಿಚಲನ ಕೋನ ಎಂದು ಹೆಸರು. ಗಾಜಿಗೆ ಪುಸ್ತಕದಲ್ಲಿ ಪಟ್ಟಕ ಎಂಬ ಹೆಸರಿದ್ದರೂ ನಮ್ಮ ಬಾಯಲ್ಲಿ ಅದು ಯಾವಾಗಲೂ ಪ್ರಿಸಮ್ಮು.

ನನ್ನ ಸರದಿಯ ದಿನ ಮೇಷ್ಟ್ರು 35 ಡಿಗ್ರಿಯಿಂದ ಶುರುಮಾಡಿ ಎಂದಿದ್ದರು. ನನಗೆ ಅತಿಬುದ್ಧಿ. ಇನ್ನೂ ಕಡಿಮೆಯಿಂದ ಹೊರಟರೆ ಗ್ರಾಫು ಉದ್ದವಾಗಿ ಚೆಂದ ಕಾಣುತ್ತದೆಂದು 25 ಡಿಗ್ರಿಗೆ ಗೆರೆ ಎಳೆದು ಪಿನ್ನು ಚುಚ್ಚಿದೆ. ಆಚೆ ಬದಿಯಿಂದ ನೋಡಿದರೆ ಪಿನ್ನುಗಳೇ ಇಲ್ಲ. ಬಗ್ಗಿ ನೋಡಿದೆ, ಪಕ್ಕಕ್ಕೆ ಸರಿದು ನೋಡಿದೆ, ಗಾಜನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದೆ. ಕೊನೆಗೆ ಪಕ್ಕದವನ ದಾಖಲೆ ಪುಸ್ತಕದಿಂದ ಒಂದು ಅಂಕಿಯನ್ನು ಅಂದಾಜಿನಲ್ಲಿ ಎತ್ತಿಕೊಂಡೆ. ಗ್ರಾಫು ಬಂತು, ಸಹಿ ಬಿತ್ತು. ಎಡದಿಂದ ಇಳಿದು, ತಳ ಮುಟ್ಟಿ, ಬಲಕ್ಕೆ ನಿಧಾನವಾಗಿ ಏರುವ, ಅಗಲ ಬಾಯಿಯ ಬೋಗುಣಿಯಂಥ ಗೆರೆ. ಅದರ ತಳಕ್ಕೆ ಕನಿಷ್ಠ ವಿಚಲನ ಕೋನ ಎಂದು ಬರೆದು, ಸೂತ್ರಕ್ಕೆ ಹಾಕಿ, ಗಾಜಿನ ವಕ್ರೀಭವನ ಸೂಚ್ಯಂಕ 1.5 ಎಂದು ತೋರಿಸಿದರೆ ಅಂಕ ಸಿಕ್ಕಂತೆ.

ಆ ಬೋಗುಣಿಯ ತಳದಲ್ಲೇ ಕಾಮನಬಿಲ್ಲು ಇದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂದು ಕೇಳಿದರೆ, ಮಳೆಹನಿಗಳು ಪುಟ್ಟ ಪ್ರಿಸಮ್ಮುಗಳಂತೆ ಬೆಳಕನ್ನು ಏಳು ಬಣ್ಣವಾಗಿ ಒಡೆಯುತ್ತವೆ ಎಂದು ಹೇಳಿ ಮುಗಿಸುತ್ತೇವೆ. ಈ ಮಾತು ತಪ್ಪಲ್ಲ, ಅರ್ಧ ಮಾತ್ರ. ಹನಿ ದುಂಡಗಿದೆ. ಬಿಸಿಲು ಅದರ ಮೈಯ ಎಲ್ಲ ಕಡೆಗೂ ಬಿದ್ದು ಎಲ್ಲ ದಿಕ್ಕಿಗೂ ಹೊರಡುತ್ತದೆ. ಹಾಗಿದ್ದರೆ ಆಕಾಶವೆಲ್ಲ ಕಲಸಿದ ಬೆಳಕಾಗಬೇಕಿತ್ತು. ಒಂದೇ ಒಂದು ಕೋನದಲ್ಲಿ, ಅಷ್ಟು ಕಿರಿದಾದ ಪಟ್ಟಿಯಾಗಿ ಬಣ್ಣ ನಿಲ್ಲುವುದೇಕೆ? ಉತ್ತರ ಬಣ್ಣದಲ್ಲಿಲ್ಲ, ಬೋಗುಣಿಯ ತಳದಲ್ಲಿದೆ.

ಮೊದಲು ಗಾಜಿನ ಕಥೆ ನೋಡೋಣ. ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾಧಾರಣ ಗಾಜಿನೊಳಗೆ ಅದು ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಈ ಎರಡರ ಅನುಪಾತವೇ 1.5 ಎಂಬ ಸೂಚ್ಯಂಕ. ಓರೆಯಾಗಿ ಬಂದ ಬೆಳಕು ವೇಗ ಕಳೆದುಕೊಳ್ಳುವಾಗ ದಿಕ್ಕನ್ನೂ ಬದಲಿಸುತ್ತದೆ. ಗಾಜಿಗೆ ಹೊಕ್ಕಾಗ ಮೇಲ್ಮೈಗೆ ಎಳೆದ ಲಂಬದ ಕಡೆಗೆ ವಾಲುತ್ತದೆ, ಹೊರಬಂದಾಗ ಲಂಬದಿಂದ ದೂರ ಸರಿಯುತ್ತದೆ. ಕಿಟಕಿಯ ಗಾಜಿನಲ್ಲಿ ಎರಡು ಮುಖಗಳೂ ಸಮಾನಾಂತರವಾಗಿರುವುದರಿಂದ, ಮೊದಲ ಮುಖ ಬಾಗಿಸಿದ್ದನ್ನು ಎರಡನೆಯದು ಅಷ್ಟೇ ಹಿಂದಕ್ಕೆ ಬಾಗಿಸಿ ಲೆಕ್ಕ ಚುಕ್ತಾ ಮಾಡುತ್ತದೆ. ಪ್ರಿಸಮ್ಮಿನಲ್ಲಿ ಮುಖಗಳು ಒಂದಕ್ಕೊಂದು 60 ಡಿಗ್ರಿ ಓರೆ. ಹೀಗಾಗಿ ಎರಡೂ ಬಾಗು ಒಂದೇ ಕಡೆಗೆ, ಅಂದರೆ ಬುಡದ ಕಡೆಗೆ ಕೂಡಿಕೊಳ್ಳುತ್ತವೆ.

ಈಗ ನನ್ನ ಕಾಣೆಯಾದ ಪಿನ್ನಿನ ಲೆಕ್ಕ. ಬೆಳಕು 25 ಡಿಗ್ರಿಯಲ್ಲಿ ಬಿದ್ದರೆ ಗಾಜಿನೊಳಗೆ ಲಂಬಕ್ಕೆ ಸುಮಾರು 16 ಡಿಗ್ರಿಯಲ್ಲಿ ಸಾಗುತ್ತದೆ. ಎರಡನೇ ಮುಖವನ್ನು ತಲುಪುವಾಗ ಅದರ ಓರೆ 60ರಲ್ಲಿ 16 ಕಳೆದು ಉಳಿದ 44 ಡಿಗ್ರಿ. ಆದರೆ ಈ ಗಾಜಿನಿಂದ ಬೆಳಕು ಹೊರಬರಬೇಕಾದರೆ ಆ ಓರೆ ಸುಮಾರು 41.8 ಡಿಗ್ರಿಯನ್ನು ಮೀರಬಾರದು. ಮೀರಿದರೆ ಅಷ್ಟೂ ಬೆಳಕು ಒಳಕ್ಕೇ ಪ್ರತಿಫಲಿಸುತ್ತದೆ, ಆ ಮುಖ ಬೆಳ್ಳಿಯ ಕನ್ನಡಿಯಾಗಿಬಿಡುತ್ತದೆ. ಈ ಪ್ರಿಸಮ್ಮಿಗೆ 28 ಡಿಗ್ರಿಗಿಂತ ಕೆಳಗೆ ಪಿನ್ನು ಯಾರಿಗೂ ಕಾಣುವುದಿಲ್ಲ. ಅಂದು ಗಾಜೊರೆಸಿದ್ದು ವ್ಯರ್ಥ, ಕದ್ದ ಅಂಕಿಯಂತೂ ಶುದ್ಧ ಸುಳ್ಳು.

30 ಡಿಗ್ರಿಯಲ್ಲಿ ಪಿನ್ನು ಕಾಣುತ್ತದೆ, ಒಟ್ಟು ತಿರುವು 47.1 ಡಿಗ್ರಿ. 35ಕ್ಕೆ ಬಂದರೆ ತಿರುವು 41ಕ್ಕೆ ಇಳಿಯುತ್ತದೆ, 40ರಲ್ಲಿ 38.5, 45ರಲ್ಲಿ 37.4. ಇಳಿತದ ರಭಸ ಹೇಗೆ ಕುಗ್ಗುತ್ತಿದೆ ನೋಡಿ. 50ರಲ್ಲಿ 37.2. ಅಲ್ಲಿಂದ ಮತ್ತೆ ಏರಿಕೆ: 55ರಲ್ಲಿ 37.7, 60ರಲ್ಲಿ 38.9. ನಿಜವಾದ ತಳ ಇರುವುದು 48.6 ಡಿಗ್ರಿಯಲ್ಲಿ, ಅಲ್ಲಿ ತಿರುವು 37.18. ಇದಕ್ಕಿಂತ ಕಡಿಮೆ ತಿರುಗಿಸಲು ಈ ಗಾಜಿಗೆ ಸಾಧ್ಯವಿಲ್ಲ.

ತಳ ಅಲ್ಲೇ ಏಕೆ ಬೀಳಬೇಕು? ಇದಕ್ಕೆ ಕಲನಶಾಸ್ತ್ರ ಬೇಕಿಲ್ಲ. ಬೆಳಕು ಹೋದ ದಾರಿಯಲ್ಲೇ ಹಿಂದಿರುಗಬಲ್ಲದು. 40 ಡಿಗ್ರಿಯಲ್ಲಿ ಹೊಕ್ಕ ಕಿರಣ 58.5ರಲ್ಲಿ ಹೊರಬರುತ್ತದೆ ಎಂದರೆ, 58.5ರಲ್ಲಿ ಹೊಕ್ಕದ್ದು 40ರಲ್ಲಿ ಹೊರಬರಲೇಬೇಕು, ತಿರುವು ಎರಡರಲ್ಲೂ ಒಂದೇ. ಹೀಗೆ ಪ್ರತಿಯೊಂದು ತಿರುವಿಗೂ ಎರಡೆರಡು ಪತನ ಕೋನಗಳು ಜೋಡಿಯಾಗಿರುತ್ತವೆ, ಒಂದು ಬೋಗುಣಿಯ ಎಡಗೋಡೆಯಲ್ಲಿ, ಇನ್ನೊಂದು ಬಲಗೋಡೆಯಲ್ಲಿ. ಕೆಳಗಿಳಿದಂತೆ ಜೋಡಿಗಳು ಹತ್ತಿರವಾಗುತ್ತ, ತಳದಲ್ಲಿ ಎರಡೂ ಸೇರಿ ಒಂದೇ ಆಗುತ್ತವೆ. ಅಲ್ಲಿ ಹೊಕ್ಕ ಕೋನವೂ ಹೊರಟ ಕೋನವೂ ಸಮ, ಒಳಗಿನ ಕಿರಣ ಬುಡಕ್ಕೆ ಸಮಾನಾಂತರ. ನಾವು ಬಾಯಿಪಾಠ ಮಾಡಿದ ಸೂತ್ರ ಹುಟ್ಟುವುದೂ ಈ ಸಮತೆಯಿಂದಲೇ:

n = sin[(A + D)/2] / sin(A/2)

A ಎಂದರೆ ಪ್ರಿಸಮ್ಮಿನ 60 ಡಿಗ್ರಿ, D ಎಂದರೆ 37.18. ಎರಡನ್ನೂ ಕೂಡಿ ಅರ್ಧ ಮಾಡಿದರೆ 48.59, ಅದರ ಸೈನ್ 0.75. ಅದನ್ನು 30ರ ಸೈನ್ ಆದ 0.5ರಿಂದ ಭಾಗಿಸಿದರೆ 1.5. ಒಂದು ಕೋನವನ್ನು ಅಳೆದು ಗಾಜಿನೊಳಗಿನ ಬೆಳಕಿನ ವೇಗವನ್ನೇ ಹೇಳಿಬಿಡಬಹುದು. ಎರಡು ಕೋನ, ಒಂದೇ ತಿರುವು ಎಂಬ ಈ ಜೋಡಿಯ ಸಂಗತಿಯನ್ನು ಓದುಗರು ಬದಿಗಿಟ್ಟುಕೊಂಡಿರಬೇಕು, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಸದ್ಯಕ್ಕೆ ತಳದ ಇನ್ನೊಂದು ಗುಣ ಮುಖ್ಯ. ಅದು ಚಪ್ಪಟೆ. ಪತನ ಕೋನ 45ರಿಂದ 55ರವರೆಗೆ ಹತ್ತು ಡಿಗ್ರಿ ಓಡಾಡಿದರೂ ತಿರುವು ಬದಲಾಗುವುದು ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ಮಾತ್ರ. ಅದೇ 30ರಿಂದ 35ರ ನಡುವಿನ ಐದು ಡಿಗ್ರಿಗೆ ತಿರುವು ಆರು ಡಿಗ್ರಿ ಬದಲಾಗಿತ್ತು. ಬಿಎಸ್ಸಿಯ ಕತ್ತಲೆಕೋಣೆಯಲ್ಲಿ ಸ್ಪೆಕ್ಟ್ರೋಮೀಟರಿನ ಮುಂದೆ ಕೂತವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಪ್ರಿಸಮ್ಮಿನ ಪೀಠವನ್ನು ತಿರುಗಿಸುತ್ತ ಹೋದರೆ ದೂರದರ್ಶಕದಲ್ಲಿ ಸೋಡಿಯಂ ದೀಪದ ಹಳದಿ ಗೆರೆ ಒಂದು ಕಡೆಗೆ ಸರಿಯುತ್ತ ಹೋಗಿ, ನಿಧಾನವಾಗಿ, ಒಂದು ಕಡೆ ನಿಂತುಬಿಡುತ್ತದೆ. ಪೀಠವನ್ನು ಅದೇ ದಿಕ್ಕಿಗೆ ತಿರುಗಿಸುತ್ತಿದ್ದರೂ ಗೆರೆ ಮಾತ್ರ ಬಂದ ದಾರಿಗೆ ಹಿಂದಿರುಗುತ್ತದೆ. ಜೋಕಾಲಿ ತುದಿಯಲ್ಲಿ ಅರೆಕ್ಷಣ ತಡೆದು ಮರಳುವಂತೆ. ಆ ತಡೆಯುವ ಜಾಗವೇ ಕನಿಷ್ಠ ವಿಚಲನ. ಅಲ್ಲಿ ಪೀಠವನ್ನು ಒಂದು ಡಿಗ್ರಿ ಹೆಚ್ಚುಕಮ್ಮಿ ಇಟ್ಟರೂ ಅಳತೆ ಕೆಡುವುದಿಲ್ಲ. ಅದಕ್ಕೇ ಎಲ್ಲರೂ ಅಲ್ಲೇ ಅಳೆಯುವುದು. ಹದಿಹರೆಯದ ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಥದೇ ಉಪಕರಣದಲ್ಲಿ ಪ್ರಿಸಮ್ಮಿನ ಕೋನ ಅಳೆಯುವಾಗ, ಪುಸ್ತಕದಲ್ಲಿಲ್ಲದ ಪಟ್ಟೆಗಳನ್ನು ಕಂಡು ಬರೆದದ್ದೇ 1906ರಲ್ಲಿ ಅಚ್ಚಾದ ಅವರ ಮೊದಲ ಪ್ರಬಂಧ. ಪಕ್ಕದವನ ಅಂಕಿ ಎತ್ತಿಕೊಂಡವರಿಗೂ ಅವರಿಗೂ ಇರುವ ಅಂತರ ಅಷ್ಟೇ.

ಈ ಚಪ್ಪಟೆ ತಳವನ್ನು ಮೊದಲು ಜಾಣತನದಿಂದ ಬಳಸಿದವನು ನ್ಯೂಟನ್. 1666ರಲ್ಲಿ ಪ್ರಿಸಮ್ಮೊಂದನ್ನು ತಂದು ಮಾಡಿದ ಪ್ರಯೋಗವನ್ನು ಅವನು 1672ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಕಿಟಕಿಯ ಬಾಗಿಲಿಗೆ ಕಾಲಿಂಚಿನ ದುಂಡು ತೂತು, ಅದರ ಮುಂದೆ ಪ್ರಿಸಮ್ಮು, 22 ಅಡಿ ದೂರದಲ್ಲಿ ಗೋಡೆ. ಗಾಜಿನಿಂದ ಬಣ್ಣ ಬರುವುದು ಹೊಸ ಸಂಗತಿಯಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗಾಜು ಬೆಳಕನ್ನು ಕಲುಷಿತಗೊಳಿಸಿ ಬಣ್ಣ ಹಚ್ಚುತ್ತದೆ ಎಂದು ಜನ ನಂಬಿದ್ದರು. ನ್ಯೂಟನ್ ಬಣ್ಣಕ್ಕಿಂತ ಹೆಚ್ಚಾಗಿ ನೋಡಿದ್ದು ಗೋಡೆಯ ಮೇಲಿನ ಚಿತ್ರದ ಆಕಾರವನ್ನು. ಅಗಲ 2 5/8 ಇಂಚು, ಉದ್ದ 13 1/4 ಇಂಚು. ತೂತು ದುಂಡು, ಸೂರ್ಯ ದುಂಡು, ಚಿತ್ರ ಮಾತ್ರ ಉದ್ದ.

ಅಗಲದ ಲೆಕ್ಕ ಸಲೀಸು. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ. 22 ಅಡಿ ದೂರದಲ್ಲಿ ಅರ್ಧ ಡಿಗ್ರಿ ಎಂದರೆ ಸುಮಾರು 2 3/8 ಇಂಚು, ಅದಕ್ಕೆ ತೂತಿನ ಕಾಲಿಂಚು ಸೇರಿಸಿದರೆ 2 5/8 ಸರಿಹೋಯಿತು. ಹಾಗಾದರೆ ಉದ್ದ ಅದರ ಐದು ಪಟ್ಟು ಏಕೆ? ಯಾರಾದರೂ ತಗಾದೆ ತೆಗೆಯಬಹುದಿತ್ತು: ಸೂರ್ಯನ ಮೇಲಂಚಿನ ಕಿರಣವೂ ಕೆಳಂಚಿನ ಕಿರಣವೂ ಅರ್ಧ ಡಿಗ್ರಿ ಬೇರೆ ಕೋನದಲ್ಲಿ ಗಾಜಿಗೆ ಬೀಳುತ್ತವೆ, ಬೇರೆ ಬೇರೆ ತಿರುಗುತ್ತವೆ, ಹಾಗಾಗಿ ಚಿತ್ರ ಎಳೆದುಕೊಳ್ಳುತ್ತದೆ, ಇದರಲ್ಲಿ ಬಣ್ಣದ ಮಾತೇನಿದೆ ಎಂದು. ಬೋಗುಣಿಯ ಕಡಿದಾದ ಎಡಗೋಡೆಯಲ್ಲಿ ಈ ತಗಾದೆ ನಿಜವೂ ಹೌದು. ಅದಕ್ಕೇ ನ್ಯೂಟನ್ ಪ್ರಿಸಮ್ಮನ್ನು ತಿರುಗಿಸುತ್ತ, ಗೋಡೆಯ ಮೇಲಿನ ಚಿತ್ರ ಇಳಿಯುವುದೂ ಏರುವುದೂ ನಿಂತು ತಡೆಯುವ ಜಾಗದಲ್ಲಿ ಅದನ್ನು ನಿಲ್ಲಿಸಿದ್ದ. ತಳದಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲ ಬೆಳಕೂ ಒಂದೇ ಬಗೆಯದಾಗಿದ್ದರೆ ಚಿತ್ರ ಅಲ್ಲಿ ದುಂಡಗೇ ಇರಬೇಕಿತ್ತು. ಇರಲಿಲ್ಲ. ಅಂದಮೇಲೆ ಬೆಳಕಿನಲ್ಲೇ ಹೆಚ್ಚು ಬಾಗುವ, ಕಡಿಮೆ ಬಾಗುವ ಬಗೆಗಳಿವೆ. ಒಂದು ಬಣ್ಣವನ್ನಷ್ಟೇ ತೂತಿನಿಂದ ಹಾಯಿಸಿ ಎರಡನೇ ಪ್ರಿಸಮ್ಮಿಗೆ ಬಿಟ್ಟು ನೋಡಿದ. ಅದು ಬಾಗಿತು, ಮತ್ತೆ ಒಡೆಯಲಿಲ್ಲ.

ಇದಕ್ಕೆ ವರ್ಣವಿಭಜನೆ ಎನ್ನುತ್ತೇವೆ. ಅಂದರೆ 1.5 ಎಂಬ ಸೂಚ್ಯಂಕ ಒಂದೇ ಅಂಕಿಯಲ್ಲ, ಬಣ್ಣಕ್ಕೊಂದು. ಉಪಕರಣಗಳಲ್ಲಿ ಬಳಸುವ ಒಂದು ಸಾಮಾನ್ಯ ಗಾಜಿನಲ್ಲಿ ಕೆಂಪಿಗೆ 1.514, ನೇರಳೆಗೆ 1.530. ಗಾಜಿನ ಪರಮಾಣುಗಳ ಎಲೆಕ್ಟ್ರಾನುಗಳಿಗೆ ತಮ್ಮದೇ ಸಹಜ ಕಂಪನ ಇರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತದಲ್ಲಿದೆ. ನೇರಳೆ ಬೆಳಕು ಅದಕ್ಕೆ ಹತ್ತಿರ, ಹಾಗಾಗಿ ಎಲೆಕ್ಟ್ರಾನುಗಳನ್ನು ಹೆಚ್ಚು ತೂಗಾಡಿಸಿ ತಾನು ಹೆಚ್ಚು ನಿಧಾನವಾಗುತ್ತದೆ. ಈ ಗಾಜಿನ 60 ಡಿಗ್ರಿ ಪ್ರಿಸಮ್ಮಿನಲ್ಲಿ ಕೆಂಪಿನ ತಳ 38.4 ಡಿಗ್ರಿಯಲ್ಲಿ, ನೇರಳೆಯದು 39.8ರಲ್ಲಿ. ಅಂತರ ಒಂದೂವರೆ ಡಿಗ್ರಿಗೂ ಕಡಿಮೆ. ಮೂರು ಮೀಟರ್ ದೂರದ ಗೋಡೆಯಲ್ಲಿ ಏಳು ಸೆಂಟಿಮೀಟರ್, ಅಷ್ಟೇ. ಅದರಲ್ಲಿ ಏಳು ಬಣ್ಣ ಎಣಿಸಿದ್ದೂ ನ್ಯೂಟನ್ನೇ. ಮೊದಲು ಐದು ಎಂದಿದ್ದವನು, ಸಂಗೀತದ ಸ್ವರಗಳಿಗೆ ಸರಿಹೊಂದಲೆಂದು ಏಳು ಮಾಡಿದ. ಗೋಡೆಯ ಮೇಲೆ ಗೆರೆ ಎಳೆದ ಗಡಿಗಳೇನೂ ಇಲ್ಲ.

ಈಗ ಮಳೆಗೆ ಬರೋಣ. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಎಂದು ಮಕ್ಕಳು ಕೂಗುವ ಹೊತ್ತು. ಒಂದೇ ಒಂದು ಹನಿಯನ್ನು ಹಿಡಿದು ನಿಲ್ಲಿಸಿದೆವೆಂದುಕೊಳ್ಳಿ. ಬಿಸಿಲಿನ ಕಿರಣಗಳು ಸಮಾನಾಂತರವಾಗಿ ಬಂದು ಅದರ ಮೇಲೆ ಬೀಳುತ್ತವೆ. ಒಂದು ಕಿರಣ ಒಳಹೊಕ್ಕು ಬಾಗುತ್ತದೆ, ಹಿಂಬದಿಯ ಗೋಡೆಯಲ್ಲಿ ಪ್ರತಿಫಲಿಸುತ್ತದೆ, ಮುಂಬದಿಯಿಂದ ಹೊರಬರುತ್ತ ಮತ್ತೊಮ್ಮೆ ಬಾಗುತ್ತದೆ. ಇಲ್ಲಿಯ ಒಟ್ಟು ತಿರುವು ಎಷ್ಟು?

1637ರಲ್ಲಿ ಫ್ರಾನ್ಸಿನ ದೆಕಾರ್ತ್ ಮಾಡಿದ್ದು ಇದೇ ಲೆಕ್ಕವನ್ನು. ನೀರು ತುಂಬಿದ ದುಂಡು ಗಾಜಿನ ಬುರುಡೆಯನ್ನು ದೊಡ್ಡ ಹನಿ ಎಂದುಕೊಂಡು ಬಿಸಿಲಿಗೆ ಹಿಡಿದು ನೋಡಿದ್ದ. (ಅವನಿಗಿಂತ ಮುನ್ನೂರು ವರ್ಷ ಮೊದಲೇ ಜರ್ಮನಿಯ ಪಾದ್ರಿ ಥಿಯೊಡೊರಿಕ್, ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಂಥದೇ ಬುರುಡೆ ಹಿಡಿದಿದ್ದರು.) ಆಮೇಲೆ ದೆಕಾರ್ತ್ ಹನಿಯ ನಡುವಿನಿಂದ ಅಂಚಿನವರೆಗೆ ಒಂದೊಂದೇ ಕಿರಣ ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕುತ್ತ ಹೋದ. ನಾವು ಕ್ಯಾಲ್ಕುಲೇಟರಿನಲ್ಲಿ ಅದನ್ನೇ ಮಾಡೋಣ, ನೀರಿನ ಸೂಚ್ಯಂಕ 4/3 ಎಂದಿಟ್ಟುಕೊಂಡು.

ಹನಿಯ ನಟ್ಟನಡುವೆ ಬಿದ್ದ ಕಿರಣ ನೇರ ಹೋಗಿ, ಹಿಂಗೋಡೆಗೆ ಬಡಿದು, ಬಂದ ದಾರಿಯಲ್ಲೇ ವಾಪಸು ಬರುತ್ತದೆ. ತಿರುವು 180 ಡಿಗ್ರಿ. ನಡುವಿನಿಂದ ಅಂಚಿಗಿರುವ ದೂರವನ್ನು ಹತ್ತು ಪಾಲು ಮಾಡಿದರೆ, ಎರಡನೇ ಪಾಲಿನ ಗುರುತಿಗೆ ಬಿದ್ದ ಕಿರಣದ ತಿರುವು ಸುಮಾರು 169. ನಾಲ್ಕಕ್ಕೆ 157, ಆರಕ್ಕೆ 147, ಎಂಟಕ್ಕೆ 139. ಇಳಿತದ ರಭಸ ಇಲ್ಲೂ ಕುಗ್ಗುತ್ತಿದೆ. ಎಂಟೂವರೆ ದಾಟಿದಲ್ಲಿ 138 ಡಿಗ್ರಿ ಮುಟ್ಟಿ, ಅಲ್ಲಿ ತಡೆದು, ಮರಳುತ್ತದೆ: ಒಂಬತ್ತಕ್ಕೆ 138.5, ಒಂಬತ್ತೂವರೆಗೆ 142, ಅಂಚಿನಲ್ಲಿ 166. ಅದೇ ಬೋಗುಣಿ, ಮತ್ತೊಮ್ಮೆ. ಪ್ರಿಸಮ್ಮಿನಲ್ಲಿ ನಾವು ಕೈಯಿಂದ ತಿರುಗಿಸಿ ಹುಡುಕಿದ ತಳವನ್ನು ಹನಿ ತನ್ನ ದುಂಡು ಮೈಯಿಂದಲೇ ಹುಡುಕಿಕೊಡುತ್ತದೆ, ಏಕೆಂದರೆ ಎಲ್ಲ ಪತನ ಕೋನಗಳೂ ಅದರ ಮೈಮೇಲೆ ಏಕಕಾಲಕ್ಕೆ ಇರುತ್ತವೆ.

ಇದರ ಪರಿಣಾಮ ಏನು? ನಡುವಿನ ಎರಡು ಪಾಲಿಗೆ ಬಿದ್ದ ಬೆಳಕು 11 ಡಿಗ್ರಿಯಷ್ಟು ಅಗಲಕ್ಕೆ ಚದುರಿ ತೆಳುವಾಗುತ್ತದೆ. ಎಂಟರಿಂದ ಒಂಬತ್ತರ ನಡುವಿನ ಒಂದು ಪಾಲಿಗೆ ಬಿದ್ದದ್ದೆಲ್ಲ ಒಂದು ಡಿಗ್ರಿಗೂ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಹೊರಬರುತ್ತದೆ. ಕಾಮನಬಿಲ್ಲು ಎಂದರೆ ಈ ಒತ್ತು. ಉಳಿದ ದಿಕ್ಕುಗಳಿಗೂ ಹನಿ ಬೆಳಕು ಕಳಿಸುತ್ತದೆ, ಆದರೆ ಅಲ್ಲಿ ಕೆಂಪಿನ ಮೇಲೆ ಹಸಿರು, ಹಸಿರಿನ ಮೇಲೆ ನೀಲಿ ಬಿದ್ದು ಎಲ್ಲ ಸೇರಿ ಬಿಳಿಯೇ ಆಗುತ್ತದೆ. ಬಿಲ್ಲಿನ ಒಳಭಾಗದ ಆಕಾಶ ಹೊರಭಾಗಕ್ಕಿಂತ ಬೆಳ್ಳಗಿರುವುದು ಈ ಕಾರಣಕ್ಕೆ. ಮುಂದಿನ ಸಲ ಗಮನಿಸಿ, ವ್ಯತ್ಯಾಸ ಎದ್ದು ಕಾಣುತ್ತದೆ. 138 ಡಿಗ್ರಿಗಿಂತ ಕಡಿಮೆ ತಿರುಗಿಸಲು ಹನಿಗೆ ಈ ದಾರಿಯಲ್ಲಿ ಬರದ ಕಾರಣ ಬಿಲ್ಲಿನ ಹೊರಗೆ ಈ ಬೆಳಕು ಇಲ್ಲವೇ ಇಲ್ಲ. ಕೆಲವೊಮ್ಮೆ ಮೇಲೆ ಇನ್ನೊಂದು ಮಂಕು ಬಿಲ್ಲು, ಬಣ್ಣಗಳ ಸಾಲು ತಲೆಕೆಳಗಾಗಿ, ಕಾಣುವುದುಂಟು. ಅದು ಹನಿಯೊಳಗೆ ಎರಡು ಸಲ ಪ್ರತಿಫಲಿಸಿದ ಬೆಳಕು, ನಿಲ್ಲುವುದು 50 ಡಿಗ್ರಿಯಿಂದ ಮೇಲೆ. ಎರಡರ ನಡುವಿನ ಕಪ್ಪು ಪಟ್ಟಿಗೆ, ಸುಮಾರು ಹದಿನೆಂಟು ಶತಮಾನದ ಹಿಂದೆ ಅದನ್ನು ವರ್ಣಿಸಿದ ಅಲೆಕ್ಸಾಂಡರ್ ಎಂಬ ಗ್ರೀಕ್ ಪಂಡಿತನ ಹೆಸರಿದೆ.

ದೆಕಾರ್ತ್ ಕೋನ ಕೊಟ್ಟ, ಬಣ್ಣ ಅವನಿಂದ ಆಗಲಿಲ್ಲ. ಬಣ್ಣಕ್ಕೆ ನ್ಯೂಟನ್ನಿನ ಸಂಗತಿ ಬೇಕಿತ್ತು. ನೀರಿನಲ್ಲಿ ಕೆಂಪಿನ ಸೂಚ್ಯಂಕ 1.331, ನೇರಳೆಯದು 1.343. ಅದೇ ಲೆಕ್ಕವನ್ನು ಎರಡು ಸಲ ಮಾಡಿದರೆ ಕೆಂಪಿನ ತಳ 137.6 ಡಿಗ್ರಿಯಲ್ಲಿ, ನೇರಳೆಯದು 139.3ರಲ್ಲಿ ಬೀಳುತ್ತದೆ. ನೋಡುವವರ ಕಡೆಯಿಂದ ಹೇಳುವುದಾದರೆ 180ರಿಂದ ಕಳೆಯಬೇಕು: ಕೆಂಪು 42.4, ನೇರಳೆ 40.7. ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ನಿಮ್ಮ ತಲೆಯ ನೆರಳು ಎಲ್ಲಿ ಬೀಳುತ್ತದೋ ಆ ದಿಕ್ಕಿನಿಂದ ಇಷ್ಟು ಕೋನ. ಕೈಯನ್ನು ಪೂರ್ತಿ ಚಾಚಿ ಬೆರಳಗಲಿಸಿದರೆ ಒಂದು ಗೇಣು ಹೆಚ್ಚುಕಮ್ಮಿ 20 ಡಿಗ್ರಿಯನ್ನು ಮುಚ್ಚುತ್ತದೆ. ನೆರಳಿನ ತಲೆಯಿಂದ ಎರಡು ಗೇಣು ಅಳೆದರೆ ಬಿಲ್ಲಿನ ಜಾಗ. ಮೇಲಕ್ಕೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಎರಡೇ ಗೇಣು, ಅದಕ್ಕೇ ಅದು ವೃತ್ತ. ನೆಲ ಅಡ್ಡ ಬರುವುದರಿಂದ ಬಿಲ್ಲಾಗಿ ಉಳಿಯುತ್ತದೆ. ಒಂದು ಹನಿ ನಿಮ್ಮ ಕಣ್ಣಿಗೆ ಒಂದು ಹೊತ್ತಿಗೆ ಒಂದೇ ಬಣ್ಣ ಕಳಿಸುತ್ತದೆ, ಎತ್ತರದ ಹನಿ ಕೆಂಪು, ಕೆಳಗಿನದು ನೇರಳೆ. ಪಕ್ಕದಲ್ಲಿ ನಿಂತವರಿಗೆ ಅದೇ ಬಣ್ಣ ಕಳಿಸುವ ಹನಿಗಳೇ ಬೇರೆ. ಹೀಗಾಗಿ ಅವರು ನೋಡುತ್ತಿರುವುದು ನಿಮ್ಮ ಬಿಲ್ಲನ್ನಲ್ಲ.

ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ಪೂರ್ತಿ ನೆಲದ ಕೆಳಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ಅಥವಾ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಬೆಳಗ್ಗೆ ಸುಮಾರು ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆವರೆಗೆ ಎಂಥ ಬಿಸಿಲುಮಳೆ ಬಂದರೂ ಆಕಾಶದಲ್ಲಿ ಬಿಲ್ಲು ಹುಡುಕುವುದು ದಂಡ. ಜೋಗದಂಥ ಕಡೆ ಈ ನಿಯಮ ಸಡಿಲ, ಏಕೆಂದರೆ ಅಲ್ಲಿ ನಾವು ನಿಂತು ನೋಡುವುದು ಕೆಳಗೆ, ಕಣಿವೆಯಿಂದೇಳುವ ತುಂತುರಿನ ಕಡೆಗೆ. ಇನ್ನು ಮಲೆನಾಡಿನ ಜಡಿಮಳೆಯಲ್ಲಿ ಹನಿಗೇನೂ ಬರವಿಲ್ಲ, ಬಿಲ್ಲು ಮಾತ್ರ ಅಪರೂಪ, ಬಿಸಿಲೇ ಇಲ್ಲವಲ್ಲ.

ಒಂದು ತಪ್ಪನ್ನು ಇಲ್ಲೇ ತಿದ್ದಬೇಕು. ಹನಿಯ ಹಿಂಗೋಡೆಯಲ್ಲಿ ನಡೆಯುವುದು ಸಂಪೂರ್ಣ ಆಂತರಿಕ ಪ್ರತಿಫಲನ ಎಂದು ಹೇಳುವ ಪಾಠಗಳು ಈಗಲೂ ಇವೆ. ಅದು ಸಾಧ್ಯವೇ ಇಲ್ಲ. ನೀರಿನಿಂದ ಬೆಳಕು ಹೊರಬರದಂತಾಗಲು ಅದು 48.6 ಡಿಗ್ರಿಗಿಂತ ಓರೆಯಾಗಿ ಬಡಿಯಬೇಕು. ದುಂಡು ಹನಿಯಲ್ಲಿ ಕಿರಣ ಹೊಕ್ಕಾಗ ಲಂಬಕ್ಕೆ ಎಷ್ಟು ಓರೆ ಇತ್ತೋ ಹಿಂಗೋಡೆಯಲ್ಲೂ ಅಷ್ಟೇ ಓರೆ, ಮತ್ತು ಬಿಲ್ಲಿನ ಕಿರಣಕ್ಕೆ ಅದು ಬರೀ 40 ಡಿಗ್ರಿ. ಆ ಗೋಡೆಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ಬೆಳಕು ಹಿಂದಿನಿಂದ ಸೋರಿಹೋಗುತ್ತದೆ, ಪ್ರತಿಫಲಿಸುವುದು ಆರು ಪಾಲು. ನಾವು ಹೊಗಳುವ ಬಿಲ್ಲು ಆ ಆರರ ಬಾಬತ್ತು. ಆ ಆರು ಪಾಲಿಗೆ ಇನ್ನೊಂದು ವಿಶೇಷವಿದೆ, ಅದು ಬಹುಮಟ್ಟಿಗೆ ಧ್ರುವೀಕೃತ, ಅಂದರೆ ಬೆಳಕಿನ ಕಂಪನ ಹೆಚ್ಚುಕಡಿಮೆ ಒಂದೇ ಪಟ್ಟಿನಲ್ಲಿರುತ್ತದೆ. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಬಿಲ್ಲಿನ ನೆತ್ತಿಯನ್ನು ನೋಡಿದರೆ ಅದು ಅಳಿಸಿದಂತೆ ಮಾಯವಾಗುತ್ತದೆ. ತಲೆಯನ್ನು ಭುಜಕ್ಕೆ ವಾಲಿಸಿದರೆ ಮರಳಿ ಬರುತ್ತದೆ. ಸಂಪೂರ್ಣ ಪ್ರತಿಫಲನವಾಗಿದ್ದರೆ ಹೀಗೆ ಅಳಿಸಲು ಬರುತ್ತಿರಲಿಲ್ಲ.

ಇನ್ನು ಬದಿಗಿಟ್ಟ ಜೋಡಿಯ ಮಾತು. ಕೆಲವು ಬಿಲ್ಲುಗಳಲ್ಲಿ, ನೆತ್ತಿಯ ಹತ್ತಿರ, ನೇರಳೆಯ ಒಳಗೆ ಇನ್ನೂ ಎರಡು ಮೂರು ತೆಳು ಪಟ್ಟೆಗಳು ಕಾಣುತ್ತವೆ, ತಿಳಿಗುಲಾಬಿ, ತಿಳಿಹಸಿರು, ಮತ್ತೆ ಗುಲಾಬಿ. ದೆಕಾರ್ತನ ಲೆಕ್ಕದಲ್ಲಾಗಲಿ ನ್ಯೂಟನ್ನಿನದರಲ್ಲಾಗಲಿ ಇವಕ್ಕೆ ಜಾಗವಿಲ್ಲ. 1803ರಲ್ಲಿ ಥಾಮಸ್ ಯಂಗ್ ಎಂಬ ಇಂಗ್ಲಿಷ್ ವೈದ್ಯ ಇವುಗಳ ಗುಟ್ಟನ್ನು ಹೇಳಿದ. ಬೋಗುಣಿಯಲ್ಲಿ ತಳಕ್ಕಿಂತ ಸ್ವಲ್ಪ ಮೇಲೆ ಒಂದೇ ತಿರುವಿಗೆ ಎರಡು ಪತನ ಕೋನಗಳಿದ್ದವಲ್ಲ. ಪ್ರಿಸಮ್ಮಿನಲ್ಲಿ ಅವೆರಡು ಒಂದೇ ದಾರಿಯ ಹೋಗುವಿಕೆ, ಬರುವಿಕೆ ಅಷ್ಟೇ. ಹನಿಯಲ್ಲಿ ಹಾಗಲ್ಲ. ಎಂಟನೇ ಗುರುತಿನ ಹತ್ತಿರ ಹೊಕ್ಕ ಕಿರಣವೂ ಒಂಬತ್ತನೆಯದರ ಹತ್ತಿರ ಹೊಕ್ಕದ್ದೂ ಬೇರೆ ಬೇರೆ ದಾರಿ ನಡೆದು ಒಂದೇ ದಿಕ್ಕಿಗೆ ಹೊರಡುತ್ತವೆ. ಬೆಳಕು ಅಲೆಯಾಗಿದ್ದರೆ, ಒಂದರ ಉಬ್ಬಿಗೆ ಇನ್ನೊಂದರ ಉಬ್ಬು ಸೇರಿದ ದಿಕ್ಕಿನಲ್ಲಿ ಪ್ರಕಾಶ, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲೆ. ಆ ಪಟ್ಟೆಗಳು ಇವೇ. ಬೆಳಕು ಅಲೆಯೋ ಕಣವೋ ಎಂಬ ಜಗಳ ಜೋರಾಗಿದ್ದ ಕಾಲದಲ್ಲಿ ಯಂಗ್ ಆಕಾಶದ ಕಡೆಗೆ ಬೆರಳು ತೋರಿಸಿದ್ದ.

ದಾರಿಗಳ ಅಂತರ ಹನಿಯ ಗಾತ್ರವನ್ನು ಅವಲಂಬಿಸುವುದರಿಂದ ದೊಡ್ಡ, ಒಂದೊಂದು ಅಳತೆಯ ಹನಿಗಳಲ್ಲಿ ಪಟ್ಟೆಗಳು ಕಲಸಿಹೋಗುತ್ತವೆ. ಅವು ಎದ್ದು ಕಾಣಬೇಕಾದರೆ ಹನಿಗಳು ಒಂದು ಮಿಲಿಮೀಟರಿಗಿಂತ ಸಣ್ಣಗೆ, ಹೆಚ್ಚುಕಡಿಮೆ ಒಂದೇ ಗಾತ್ರದವಾಗಿರಬೇಕು, ಮಳೆ ನಿಲ್ಲುವ ಹೊತ್ತಿನ ತುಂತುರಿನಂತೆ. ಇನ್ನೂ ಸಣ್ಣದಾದಷ್ಟೂ ಪಟ್ಟೆಗಳು ಅಗಲವಾಗುತ್ತವೆ, ಬಣ್ಣಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ. ಮಂಜಿನ ಹನಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಬೆಟ್ಟದ ಮೇಲೆ ಬೆಳಗಿನ ಎಳೆಬಿಸಿಲು ಬೆನ್ನಿಗಿದ್ದು, ಎದುರಿಗೆ ಮಂಜಿದ್ದರೆ, ಅಲ್ಲಿಯೂ ಒಂದು ಬಿಲ್ಲು ನಿಲ್ಲುತ್ತದೆ. ಎರಡು ಗೇಣಿಗಿಂತ ತುಸು ಒಳಗೆ, ಅಂಗೈಯಗಲದ ದಪ್ಪ ಪಟ್ಟಿಯಾಗಿ, ಹೊರ ಅಂಚಿನಲ್ಲಿ ಕೆಂಪಿನ ಸುಳಿವಷ್ಟೇ ಉಳಿದು, ಉಳಿದಂತೆ ಅಚ್ಚ ಬಿಳಿ.